`hi urgent` ಅಂದವ್ರಿಗೆ ಹದಿಮೂರು ಸಾಲಿನ ನಮಸ್ಕಾರ

ಪ್ರಶ್ನೆ: ತೀರ್ಥಹಳ್ಳಿ ಕಡೆ ನಮ್ದು ಔಷಧಿ ಹೊಡಿಯೋ ಎಚ್‌ಟಿಪಿ ಪಂಪ್ ರಿಪೇರಿ ಅಂಗಡಿ. ನಮ್ಮನೆಯವ್ರು ರಿಪೇರಿ ಮಾಡ್ತಾರೆ, ವಾಟ್ಸಾಪ್ ನಾನು ನೋಡ್ಕೊಳ್ತೀನಿ. ಮಳೆಗಾಲದಲ್ಲಿ ಬೆಳಬೆಳಿಗ್ಗೆ `hi urgent` ಅಂತ ಅಷ್ಟೇ ಮೆಸೇಜ್ ಬರುತ್ತೆ. ನಮ್ಮ ಆಟೋ ಗ್ರೀಟಿಂಗ್ ಹೋಗುತ್ತೆ, ಆಮೇಲೆ ನಾನು "ನಮಸ್ತೆ, ಹೇಗೆ ಸಹಾಯ ಮಾಡಲಿ" ಅಂತ ಹಾಕ್ತೀನಿ. ಸುಮಾರು ಜನ ತಿರುಗಿ ಉತ್ರನೇ ಕೊಡಲ್ಲ. ನಮಸ್ಕಾರ ಬಿಟ್ಟು ನೇರ ಕೇಳಿದ್ರೆ ಗತ್ತು ಅಂದ್ಕೊಳ್ಳಲ್ವಾ? ಎಲ್ರೂ ಅರ್ಜೆಂಟ್ ಅಂತಾನೇ ಹಾಕೋದು, ನಿಜವಾಗ್ಲೂ ಅರ್ಜೆಂಟ್ ಯಾರಿಗೆ ಅಂತ ಹೇಗೆ ತಿಳ್ಕೊಳ್ಳೋದು? ನಮ್ಮ ಗ್ರೀಟಿಂಗ್‌ನ ಫೋಟೋ ಹಾಕಿದೀನಿ, ನೋಡಿ ಹೇಳಿ.

ಉತ್ತರ:

ಫೋಟೋ ನೋಡ್ದೆ. ಹದಿಮೂರು ಸಾಲಿದೆ. ಮೊದಲ್ನೇ ಸಾಲು ಕೈ ಮುಗಿಯೋ ಚಿತ್ರ, ಎರಡ್ನೇದು ಅಂಗಡಿ ಹೆಸ್ರು, ಮೂರ್ನೇದು "ನಮ್ಮನ್ನು ಸಂಪರ್ಕಿಸಿದ್ದಕ್ಕಾಗಿ ಧನ್ಯವಾದಗಳು", ಆಮೇಲೆ ಯಾವ್ಯಾವ ಮೆಷಿನ್ ಮಾರ್ತೀರಿ ಅನ್ನೋ ಪಟ್ಟಿ, ಟೈಮಿಂಗ್, ಭಾನುವಾರ ರಜಾ, ಕಡೇಲಿ "ಶೀಘ್ರದಲ್ಲೇ ಉತ್ತರಿಸುತ್ತೇವೆ". ಸುಮ್ನೆ ರೇಟು ಕೇಳೋಕೆ ಬಂದವ್ರಿಗೆ ಇದ್ರಲ್ಲಿ ತಪ್ಪೇನಿಲ್ಲ ಬಿಡಿ. ಆದ್ರೆ ನಿಮಗೆ `hi urgent` ಅಂತ ಹಾಕಿದವ್ನು ಆ ಹೊತ್ತಲ್ಲಿ ಎಲ್ಲಿ ನಿಂತಿರ್ತಾನೆ ಅಂತ ಒಂದ್ಸಲ ನೋಡ್ಬೇಕು, ಅದಕ್ಕೆ ನಮ್ಮ ಭಾವನ ತೋಟದ ಕಥೆನೇ ಹೇಳ್ತೀನಿ.

ಹೊಸನಗರ ಕಡೆ ಅವ್ರದ್ದು ಅಡಿಕೆ ತೋಟ. ಹೋದ್ ವರ್ಷ ಎರಡ್ನೇ ಸಲದ ಔಷಧಿ, ಆರು ದಿನ ಬಿಡದೆ ಸುರಿದ ಮಳೆ ಏಳ್ನೇ ದಿನ ಬೆಳಿಗ್ಗೆ ಹೊಳವಾಯ್ತು, ನಾನೂ ಅಲ್ಲೇ ಇದ್ದೆ. 200 ಲೀಟರ್ ಡ್ರಮ್ಮಿಗೆ ಎರಡು ಕೆಜಿ ಮೈಲುತುತ್ತ, ಎರಡು ಕೆಜಿ ಸುಣ್ಣ, ಒಂದು ಪರ್ಸೆಂಟಿನ ಬೋರ್ಡೋ ರೆಡಿ. ದೋಟಿ ಹಿಡಿದು ಹೊಡಿಯೋನು ಒಬ್ಬ, ಪೈಪ್ ಎಳಿಯೋನು ಒಬ್ಬ, ಇಬ್ರೂ ಬಂದಾಗಿದೆ. ಎಂಜಿನ್ ಸ್ಟಾರ್ಟ್ ಆಯ್ತು, ಪ್ರೆಷರ್ ಬರ್ಲಿಲ್ಲ. ಬೋರ್ಡೋ ಕಲಸಿದ್ದು ಅವತ್ತೇ ಹೊಡೀಬೇಕು, ಇಟ್ರೆ ಗುಣ ಹೋಗುತ್ತೆ, ಆ ಇಬ್ರು ನಾಳೆ ಬೇರೆಯವ್ರ ತೋಟಕ್ಕೆ ಮಾತು ಕೊಟ್ಟಿದಾರೆ, ಮಧ್ಯಾಹ್ನದ ಮೇಲೆ ಮತ್ತೆ ಮಳೆ ಹಿಡಿಯಲ್ಲ ಅನ್ನೋ ಗ್ಯಾರಂಟಿ ಯಾರಿಗೂ ಇಲ್ಲ. ಭಾವನ ಕೈ ಮೊಣಕೈವರೆಗೂ ನೀಲಿ. ಒಂದು ಬೆರಳನ್ನ ಮಾತ್ರ ಪಂಚೆಗೆ ಒರೆಸ್ಕೊಂಡು ಪೇಟೆಯ ಒಂದು ಅಂಗಡಿಗೆ ಟೈಪ್ ಮಾಡಿದ್ದು ಇದನ್ನೇ, `hi urgent`. ಸ್ಕ್ರೀನ್ ಮೇಲೆ ಸುಣ್ಣದ ಗುರುತು.

ಎರಡು ಸೆಕೆಂಡಿಗೆ ಫೋನ್ ಟಿಂಗ್ ಅಂತು, ಅವ್ರ ಮುಖ ಅರಳ್ತು. ತೆಗೆದು ನೋಡಿದ್ರೆ ನಿಮ್ಮಂಥದ್ದೇ ಒಂದು ಉದ್ದ ಸ್ವಾಗತ. ಕೆಳಗಿನ್ ತನಕ ತಳ್ಳಿ ಓದಿದ್ರು, ಅದ್ರಲ್ಲಿ ಇವ್ರಿಗೆ ಬೇಕಾದ್ದು ಏನೂ ಇರ್ಲಿಲ್ಲ. ಆರೇಳು ನಿಮಿಷ ಬಿಟ್ಟು ಅಂಗಡಿಯವ್ರು ಖುದ್ದಾಗಿ ಹಾಕಿದ್ರು, "ನಮಸ್ತೆ ಸರ್, ಹೇಳಿ, ಏನಾಗ್ಬೇಕಿತ್ತು". ಅಷ್ಟೊತ್ತಿಗೆ ಭಾವ ಪಕ್ಕದ ಮನೆಯವ್ರ ಪಂಪ್ ಕೇಳೋಕೆ ಬೈಕ್ ಹತ್ತಿ ಆಗಿತ್ತು. ಸಂಜೆ ಗೊತ್ತಾಗಿದ್ದೇನು ಅಂದ್ರೆ ಪಂಪ್ ಕೆಟ್ಟೇ ಇರ್ಲಿಲ್ಲ, ಸಕ್ಷನ್ ಪೈಪಿನ ತುದಿ ಜಾಲರಿಗೆ ಸೋಸದೇ ಬಿಟ್ಟ ಸುಣ್ಣದ ಗಟ್ಟಿ ಮೆತ್ಕೊಂಡಿತ್ತು. ಎತ್ತಿ ತೊಳೆದಿದ್ರೆ ಐದು ನಿಮಿಷದ ಕೆಲಸ.

ಈಗ ಹೇಳಿ, ಆ ಅಂಗಡಿಯವ್ರು ಮಾಡಿದ ತಪ್ಪೇನು? ಮರ್ಯಾದೆ ಇತ್ತು, ವೇಗನೂ ತಕ್ಕಮಟ್ಟಿಗೆ ಇತ್ತು. ಅವ್ರು ಹಾಕಿದ ಎರಡು ಮೆಸೇಜಲ್ಲೂ ಭಾವನನ್ನ ಒಂದ್ ಹೆಜ್ಜೆನೂ ಮುಂದೆ ತಳ್ಳೋ ಮಾತು ಇರ್ಲಿಲ್ಲ, ತಪ್ಪು ಅಷ್ಟೇ.

ನಾನು ಹದಿನೇಳು ವರ್ಷ ಹೆಲ್ಪ್‌ಡೆಸ್ಕ್ ಕೆಲಸ ಮಾಡಿ, ಆಮೇಲೆ ಹುಡುಗ್ರಿಗೆ ಅದನ್ನೇ ಹೇಳಿಕೊಟ್ಟು ಈಗ ಶಿವಮೊಗ್ಗದಲ್ಲಿ ಕೂತಿರೋನು. ಆವಾಗಿಂದ್ಲೂ ನೋಡ್ತಿದೀನಿ, ಈ `hi urgent` ಅನ್ನೋದನ್ನ ಜನ ಅರ್ಧಂಬರ್ಧ ಪ್ರಶ್ನೆ ಅಂತ ಓದ್ತಾರೆ, "ಎಂತ ಅಂತ ಹೇಳೋದ್ ಬಿಟ್ಟು ಬರೀ ಅರ್ಜೆಂಟ್ ಅಂತಾನಲ್ಲ ಮಾರಾಯ" ಅಂತ ಸಿಟ್ಟಾಗ್ತಾರೆ. ಅದು ಪ್ರಶ್ನೆನೇ ಅಲ್ಲ. ನಮ್ಮ ಕಡೆ ಗುಡ್ಡದ ಈಚೆಯಿಂದ ಆಚೆ ಮನೆಗೆ ಕೂ ಹಾಕೋದಿಲ್ವಾ, ಹಂಗೆ. ಕೂ ಹಾಕಿದವ್ನು ಮೊದ್ಲೇ ಪೂರ್ತಿ ವಿಷಯ ಕೂಗಲ್ಲ, ಆಚೆ ಯಾರಾದ್ರೂ ಇದಾರಾ ಅಂತ ನೋಡ್ತಾನೆ, ಆ ಕಡೆಯಿಂದ ಕೂ ಬಂದ್ಮೇಲೆ ವಿಷಯ. ಅಮೆರಿಕದ ಇಮ್ಯಾನುಯೆಲ್ ಶೆಗ್ಲಾಫ್ ಅಂತ ಒಬ್ರು ಪೊಲೀಸರಿಗೆ ಬಂದ ಫೋನ್ ಕಾಲ್‌ಗಳ ರೆಕಾರ್ಡಿಂಗ್ ಕೇಳಿ ಕೇಳಿ 1968ರಲ್ಲಿ ಇದನ್ನೇ ಬರೆದ್ರು, ಮಾತಿನ ಶುರು ಅನ್ನೋದು ಒಂದು ಕರೆ, ಅದಕ್ಕೊಂದು ಓಗೊಡೋದು, ಇವೆರಡು ಸೇರಿ ಒಂದು ಜೋಡಿ, ಫೋನ್ ರಿಂಗ್ ಆಗೋದೂ ಒಂದು ಕರೆನೇ ಅಂತ. ಮುಂದೆ 1987ರಲ್ಲಿ ವೇಲನ್ ಮತ್ತು ಝಿಮ್ಮರ್‌ಮನ್ ಅನ್ನೋ ಇಬ್ರು ಎಮರ್ಜೆನ್ಸಿ ಕಾಲ್‌ಗಳನ್ನೇ ನೋಡಿ ತೋರಿಸಿದ್ರು, ಸಾಮಾನ್ಯ ಫೋನಲ್ಲಿ ಇರೋ ಹಲೋ, ಹೇಗಿದೀರಾ, ಚೆನ್ನಾಗಿದೀನಿ ಎಲ್ಲ ಅಲ್ಲಿ ಉದುರಿಹೋಗಿ ನೇರ ವಿಷಯ ಶುರುವಾಗುತ್ತೆ, ಎರಡೂ ಕಡೆಯವ್ರು ಅದನ್ನ ಸಹಜ ಅಂತಾನೇ ತಗೊಳ್ತಾರೆ. ಅಂದ್ರೆ ನಮಸ್ಕಾರ ಬಿಡೋದು ವಾಟ್ಸಾಪ್ ಬಂದ್ಮೇಲೆ ಹುಟ್ಟಿದ ಕೆಟ್ಟ ಅಭ್ಯಾಸ ಅಲ್ಲ.

ಹಂಗಾಗಿ ಗತ್ತು ಅಂದ್ಕೊಳ್ತಾರಾ ಅನ್ನೋ ನಿಮ್ಮ ಭಯ. ಕನ್ನಡದಲ್ಲಿ ಈ ಭಯಕ್ಕೆ ಕಾರಣ ಕಮ್ಮಿ, ಯಾಕಂದ್ರೆ ನಮ್ಮ ಮರ್ಯಾದೆ ಇರೋದು ಕ್ರಿಯಾಪದದ ಬಾಲದಲ್ಲಿ. "ಹೇಳು" ಬೇರೆ, "ಹೇಳಿ" ಬೇರೆ. ಫೋನ್ ಎತ್ತಿ "ಹಾಂ, ಹೇಳಿ" ಅಂದ್ರೆ ಅದ್ರಲ್ಲೇ ನಾನಿದೀನಿ, ನಿಮ್ಮ ಮಾತು ಕೇಳ್ತೀನಿ, ನಿಮ್ಮನ್ನ ಬಹುವಚನದಲ್ಲಿ ಮಾತಾಡಿಸ್ತಿದೀನಿ, ಮೂರೂ ಬಂದೋಯ್ತು. ಇಷ್ಟು ಚಿಕ್ಕ ಪದದಲ್ಲಿ ಇಷ್ಟೆಲ್ಲ ಸಿಗುವಾಗ ಕೈ ಮುಗಿಯೋ ಚಿತ್ರ ಯಾಕೆ ಬೇಕು. ಗತ್ತು ಅನ್ಸೋದು ಯಾವಾಗ ಅಂದ್ರೆ ಬಾಲ ಕತ್ತರಿಸಿದಾಗ. "ಊರು? ಪ್ರಾಬ್ಲಂ? ಮಾಡೆಲ್?" ಅಂತ ಮೂರು ಪ್ರಶ್ನೆ ಚಿಹ್ನೆ ಹಾಕಿ ಕಳ್ಸಿದ್ರೆ ಪೊಲೀಸ್ ಠಾಣೆ ಥರ ಕಾಣುತ್ತೆ, ಅದೇ "ಊರು ಯಾವ್ದು ಹೇಳಿ" ಅಂದ್ರೆ ಎರಡೇ ಪದ ಜಾಸ್ತಿ, ರುಚಿನೇ ಬೇರೆ.

ಹಾಗಾದ್ರೆ ಎಂತ ಬರೀಬೇಕು. ನಿಮ್ಮ ಅಂಗಡಿಗೆ ನಾನು ಹೇಳೋ ಮೊದಲ ಉತ್ತರ ಇದು:

"ಹೇಳಿ, ಇದೀವಿ. ಎಂಜಿನ್ ಸ್ಟಾರ್ಟ್ ಆಗ್ತಿಲ್ವಾ, ಪ್ರೆಷರ್ ಬರ್ತಿಲ್ವಾ?"

ಇಷ್ಟೇ. ಮೊದ್ಲ ಎರಡು ಪದ ಓಗೊಟ್ಟಿದ್ದು, ಉಳಿದಿದ್ದು ಒಂದೇ ಒಂದು ಪ್ರಶ್ನೆ, ಅದಕ್ಕೂ ಉತ್ತರ ಒಂದೇ ಪದದಲ್ಲಿ ಕೊಡ್ಬಹುದು, "ಪ್ರೆಷರ್" ಅಂತ. ಬೆರಳಿಗೆ ಸುಣ್ಣ ಮೆತ್ತಿರೋನಿಗೆ "ಏನಾಗ್ಬೇಕಿತ್ತು" ಅಂತ ಕೇಳಿದ್ರೆ ಅವ್ನು ಪ್ರಬಂಧ ಬರೀಬೇಕಾಗುತ್ತೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡ್ತಾ, ಮಧ್ಯೆ ಫೋನು ತನ್ನಷ್ಟಕ್ಕೇ ಪದ ತಿದ್ದುತ್ತಾ. ಅದೇ ನೀವೇ ಎರಡು ದಾರಿ ಮುಂದಿಟ್ರೆ ಅವ್ನು ಬೊಟ್ಟು ತೋರಿಸಿದ್ರೆ ಸಾಕು. ನಿಮ್ಮಲ್ಲಿ ಬೆಳಬೆಳಿಗ್ಗೆ ಬರೋ ಅರ್ಜೆಂಟ್‌ಗಳಲ್ಲಿ ಹೆಚ್ಚಿನವು ಈ ಎರಡ್ರಲ್ಲಿ ಒಂದು ಅಂತ ನಾನು ಅಂದ್ಕೊಂಡಿದೀನಿ, ಅಲ್ಲ ಅಂದ್ರೆ ನಿಮ್ಮನೆಯವ್ರನ್ನ ಕೇಳಿ ಬದಲಾಯಿಸ್ಕೊಳ್ಳಿ. ಎರಡೂ ಅಲ್ಲದ ತೊಂದರೆ ಇದ್ರೆ ಅವ್ರೇ ಹೇಳ್ತಾರೆ, ತಪ್ಪು ಊಹೆಯನ್ನ ತಿದ್ದೋದು ಖಾಲಿ ಹಾಳೆ ತುಂಬ್ಸೋದಕ್ಕಿಂತ ಸುಲಭ.

ಪ್ರಶ್ನೆ ಮೊದಲ ಸಾಲಲ್ಲೇ ಇರ್ಬೇಕು ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ಅವ್ನು ನಿಮ್ಮ ಮೆಸೇಜನ್ನ ಬಿಡಿಸಿ ನೋಡಲ್ಲ, ಲಾಕ್ ಆಗಿರೋ ಸ್ಕ್ರೀನಲ್ಲಿ ಮೇಲೆ ಕಾಣೋ ಒಂದೆರಡು ಸಾಲು ನೋಡ್ತಾನೆ ಅಷ್ಟೆ. ಅಲ್ಲಿ "ನಮಸ್ಕಾರ, ನಮ್ಮನ್ನು ಸಂಪರ್ಕಿಸಿದ್ದಕ್ಕಾಗಿ" ಅಂತ ಕಂಡ್ರೆ ಆಟೋ ಮೆಸೇಜು ಅಂತ ಫೋನ್ ಜೇಬಿಗಿಡ್ತಾನೆ. "ಎಂಜಿನ್ ಸ್ಟಾರ್ಟ್ ಆಗ್ತಿಲ್ವಾ" ಅಂತ ಕಂಡ್ರೆ ಅಲ್ಲೊಬ್ಬ ಮನುಷ್ಯ ಇದಾನೆ, ಪಂಪ್ ಗೊತ್ತಿರೋ ಮನುಷ್ಯ ಇದಾನೆ ಅಂತ ಗೊತ್ತಾಗುತ್ತೆ.

ಊರು ಯಾವ್ದು ಅಂತ ಮೊದ್ಲು ಕೇಳ್ಬೇಕಲ್ವಾ ಅಂತ ನಿಮಗೆ ಅನಿಸ್ಬಹುದು. ಆಂಬುಲೆನ್ಸಿನವ್ರಿಗೆ ಜಾಗ ಮೊದ್ಲು ಬೇಕು, ಯಾಕಂದ್ರೆ ಅವ್ರು ಹೇಗಿದ್ರೂ ಹೊರಡ್ಲೇಬೇಕು. ನಿಮಗೆ ಹಂಗಲ್ಲ, ಪ್ರೆಷರ್ ಬರ್ತಿಲ್ಲ ಅನ್ನೋ ಕೇಸಲ್ಲಿ ಎಷ್ಟೋ ಫೋನಲ್ಲೇ ಮುಗೀತಾವೆ, ಊರು ಬೇಕಾಗೋದು ಅದು ಮುಗೀದೇ ಇದ್ದಾಗ. ಇದೇ ಪ್ರಶ್ನೆಯನ್ನ ಬಾಡಿಗೆ ಜೀಪಿನವ್ರು ಕೇಳಿದ್ರೆ ನಾನು ಊರು ಮೊದ್ಲು ಅಂತಿದ್ದೆ. ಯಾವ ಉತ್ತರ ಬಂದ್ರೆ ನೀವು ಮುಂದೆ ಮಾಡೋ ಕೆಲಸ ಬದಲಾಗುತ್ತೋ ಆ ಪ್ರಶ್ನೆ ಮೊದ್ಲು ಬರ್ಬೇಕು, ಹೆಸ್ರು, ಮಾಡೆಲ್, ಯಾವಾಗ ತಗೊಂಡಿದ್ದು ಇವೆಲ್ಲ ಆಮೇಲೆ.

ನಮ್ಮ ಭಾವನ ಬೆಳಿಗ್ಗೆಯನ್ನೇ ಮತ್ತೆ ಆಡಿಸೋಣ, ಈ ಸಲ ಆಚೆ ಕಡೆ ನೀವಿದೀರಿ ಅಂತ.

`hi urgent`

"ಹೇಳಿ, ಇದೀವಿ. ಎಂಜಿನ್ ಸ್ಟಾರ್ಟ್ ಆಗ್ತಿಲ್ವಾ, ಪ್ರೆಷರ್ ಬರ್ತಿಲ್ವಾ?"

`pressure`

"ಸಕ್ಷನ್ ಪೈಪ್ ಎತ್ತಿ ಜಾಲರಿ ನೋಡಿ, ಸುಣ್ಣ ಕಟ್ಕೊಂಡಿದ್ರೆ ತೊಳೀರಿ. ಆಮೇಲೆ ರಿಟರ್ನ್ ಪೈಪಲ್ಲಿ ಗುಳ್ಳೆ ಬರ್ತಿದ್ಯಾ ಹೇಳಿ, ವಾಯ್ಸ್ ಹಾಕಿದ್ರೂ ಆಯ್ತು."

ಗುಳ್ಳೆ ಯಾಕೆ ಕೇಳೋದು ಅಂತ ನಿಮ್ಮನೆಯವ್ರಿಗೆ ಗೊತ್ತಿರುತ್ತೆ, ಫೋನ್ ನೋಡೋರು ನೀವಾದ್ದರಿಂದ ನಿಮಗೂ ಗೊತ್ತಿರ್ಲಿ. ಎಚ್‌ಟಿಪಿ ಪಂಪಿಗೆ ಮೂರು ಪೈಪು, ಡ್ರಮ್ಮಿಂದ ಎಳ್ಕೊಳ್ಳೋದು ಒಂದು, ದೋಟಿಗೆ ಹೋಗೋದು ಒಂದು, ಜಾಸ್ತಿ ಆಗಿದ್ದನ್ನ ವಾಪಸ್ ಡ್ರಮ್ಮಿಗೆ ಬಿಡೋದು ಒಂದು. ವಾಪಸ್ ಬರೋದ್ರಲ್ಲಿ ಬಿಡದೆ ಗುಳ್ಳೆ ಇದ್ರೆ ಎಳ್ಕೊಳ್ಳೋ ಪೈಪಲ್ಲಿ ಎಲ್ಲೋ ಗಾಳಿ ಹೊಕ್ಕುತ್ತಿದೆ, ಕ್ಲಾಂಪ್ ಸಡಿಲ ಆಗಿದೆ ಇಲ್ಲ ವಾಷರ್ ಹೋಗಿದೆ, ಅದನ್ನ ಬಿಗಿ ಮಾಡಿದ್ರೆ ಆಯ್ತು. ಜಾಲರಿ ಕ್ಲೀನ್ ಇದೆ, ಗುಳ್ಳೆನೂ ಇಲ್ಲ, ಬೆಲ್ಟೂ ಜಾರ್ತಿಲ್ಲ, ಆದ್ರೂ ಪ್ರೆಷರ್ ಇಲ್ಲ ಅಂದ್ರೆ ಒಳಗಿನ ಪ್ಯಾಕಿಂಗೋ ವಾಲ್ವೋ ಇರ್ಬಹುದು, ಅದು ಅಂಗಡಿ ಕೆಲಸ. ನೀವು ಮೆಕ್ಯಾನಿಕ್ ಆಗ್ಬೇಕಿಲ್ಲ, ಆದ್ರೆ ಅರ್ಜೆಂಟ್ ಮೆಸೇಜಿಗೆ ಮೊದಲ ಎರಡು ಉತ್ತರ ಬರಿಯೋರು ಯಾರೋ ಅವ್ರಿಗೆ ಇಷ್ಟು ಗೊತ್ತಿದ್ರೆ ಮೆಕ್ಯಾನಿಕ್‌ನ ಎಬ್ಬಿಸೋ ಮೊದ್ಲೇ ಒಂದಿಷ್ಟು ಕೇಸು ಮುಗಿದಿರುತ್ತೆ.

ಮೂರ್ನೇ ಮೆಸೇಜು ಕಷ್ಟದ್ದು, ಅಂಗಡಿಗೆ ತರ್ಬೇಕು ಅಂತ ಆದಾಗ. ಅಲ್ಲಿ ಎಲ್ರೂ ಜಾರೋದು "ನೋಡೋಣ ಸರ್, ಟ್ರೈ ಮಾಡ್ತೀವಿ" ಅನ್ನೋ ಮಾತಿಗೆ. ಟೈಮ್ ಇಲ್ದೇ ಇರೋನಿಗೆ ಅದಕ್ಕಿಂತ ದೊಡ್ಡ ನಷ್ಟ ಇಲ್ಲ, ಅವ್ನು ಅದನ್ನ ನಂಬ್ಕೊಂಡು ಪಕ್ಕದ ಮನೆ ಪಂಪ್ ಕೇಳೋದನ್ನೂ ಬಿಡ್ತಾನೆ. "ಈಗ ತಂದ್ರೆ ಹನ್ನೊಂದಕ್ಕೆ ಕೊಡ್ತೀವಿ" ಇಲ್ಲಾ "ಇವತ್ತು ಆಗಲ್ಲ, ಬೇರೆ ಪಂಪ್ ನೋಡ್ಕೊಳ್ಳಿ, ಇದನ್ನ ನಾಳೆ ಮಾಡ್ತೀವಿ", ಎರಡ್ರಲ್ಲಿ ಒಂದು ಹೇಳಿ. ಬೇಗ ಬಂದ "ಆಗಲ್ಲ"ಕ್ಕೂ ಬೆಲೆ ಇದೆ. ನನ್ನ ಕೈಕೆಳಗಿದ್ದ ಹುಡುಗ್ರಿಗೆ ಇದನ್ನ ಕಲಿಸೋಕೆ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ, ಇಲ್ಲ ಅನ್ನೋಕೆ ನಮ್ಮವ್ರಿಗೆ ನಾಲಿಗೆನೇ ತಿರುಗಲ್ಲ.

ಇನ್ನು ಎಲ್ರೂ ಅರ್ಜೆಂಟ್ ಅಂತಾರೆ ಅನ್ನೋದು. ಅಂತಾರೆ, ನಿಜ. ರೇಟ್ ಕೇಳೋಕೂ ಕೆಲವ್ರು ಅರ್ಜೆಂಟ್ ಅಂತಾರೆ. ಆದ್ರೆ ಅದನ್ನ ಬರೀ ಆ ಎರಡು ಪದ ನೋಡಿ ಅಳೆಯೋಕೆ ಹೋಗ್ಬೇಡಿ, ಅಳೆಯೋದು ನಿಮ್ಮ ಪ್ರಶ್ನೆಯ ಕೆಲಸ. ನಿಜವಾಗಿ ಸಿಕ್ಕಿಹಾಕ್ಕೊಂಡಿರೋನು ಅರ್ಧ ನಿಮಿಷದಲ್ಲಿ `pressure` ಅಂತಾನೆ ಇಲ್ಲಾ ನೇರ ಫೋನೇ ಮಾಡ್ತಾನೆ. ರೇಟ್ ಕೇಳೋಕೆ ಬಂದೋನು "ಹೊಸ ಪಂಪ್ ಎಷ್ಟಾಗುತ್ತೆ" ಅಂತಾನೆ, ಆಗ ನೀವು ನಿಧಾನಕ್ಕೆ ನಮಸ್ಕಾರ, ಪಟ್ಟಿ, ಫೋಟೋ ಎಲ್ಲ ಕೊಡ್ಬಹುದು. ಮಾತು ನಂಬಿದ್ದಕ್ಕೆ ನಿಮಗಾದ ಖರ್ಚು ಒಂದು ಸಾಲು. ನಂಬದೇ ಇದ್ದು ಅದು ನಿಜ ಆಗಿದ್ರೆ ಆಚೆ ಕಡೆ 200 ಲೀಟರ್ ಬೋರ್ಡೋ ಚೆಲ್ಲಿಹೋಗುತ್ತೆ. ಇನ್ನೂ ಒಂದು ಸುಳಿವು ಬೇಕು ಅಂದ್ರೆ ಗಂಟೆ ನೋಡಿ, ಮಳೆ ಹೊಳವಾದ ದಿನ ಬೆಳಿಗ್ಗೆ ಏಳೂವರೆಗೆ ಬಂದ ಅರ್ಜೆಂಟು ಮತ್ತು ರಾತ್ರಿ ಹತ್ತಕ್ಕೆ ಬಂದ ಅರ್ಜೆಂಟು ಒಂದೇ ಅಲ್ಲ.

ಇವಾಗ ಆ ಆಟೋ ಗ್ರೀಟಿಂಗ್ ವಿಷಯ, ಇದು ನಿಮ್ಮ ಪ್ರಶ್ನೆಲಿ ಮುಚ್ಕೊಂಡು ಕೂತಿರೋ ನಿಜವಾದ ಕಾರಣ ಅಂತ ನನ್ನ ಲೆಕ್ಕ. ವಾಟ್ಸಾಪ್ ಬಿಸಿನೆಸ್ ಆ್ಯಪಲ್ಲಿ ಗ್ರೀಟಿಂಗ್ ಮೆಸೇಜ್ ಹೋಗೋದು ಎರಡೇ ಸಂದರ್ಭದಲ್ಲಿ, ಒಬ್ರು ಮೊದಲ್ನೇ ಸಲ ಮೆಸೇಜ್ ಹಾಕಿದಾಗ, ಇಲ್ಲಾ 14 ದಿನ ಏನೂ ಮಾತುಕತೆ ಇಲ್ದೇ ಇದ್ದು ಮತ್ತೆ ಹಾಕಿದಾಗ. ಈಗ ನಿಮ್ಮ ಗಿರಾಕಿಗಳನ್ನ ನೆನೆಸ್ಕೊಳ್ಳಿ. ಬೋರ್ಡೋ ಒಂದ್ಸಲ ಮಳೆ ಹಿಡಿಯೋ ಮೊದ್ಲು, ಮತ್ತೊಂದ್ಸಲ ಸುಮಾರು 40-45 ದಿನ ಬಿಟ್ಟು. ಪಂಪ್ ಕೈಕೊಡೋದು ಆ ದಿನಗಳಲ್ಲೇ, ಬೇರೆ ದಿನ ಅವ್ರು ನಿಮಗ್ಯಾಕೆ ಮೆಸೇಜ್ ಹಾಕ್ತಾರೆ? ಅಂದ್ರೆ ಹತ್ತು ವರ್ಷದ ಹಳೇ ಗಿರಾಕಿಗೂ ಪ್ರತಿ ಸಲ 14 ದಿನ ದಾಟಿರುತ್ತೆ, ಪ್ರತಿ ಸಲ ಹದಿಮೂರು ಸಾಲಿನ ಸ್ವಾಗತ ಹೋಗುತ್ತೆ, ಅದೂ ಅವ್ರಿಗೆ ಟೈಮೇ ಇಲ್ದೇ ಇರೋ ಆ ಒಂದು ಬೆಳಿಗ್ಗೆನೇ. ದಿನಾ ಬರೋ ಗಿರಾಕಿಗಳಿರೋ ಅಂಗಡಿಗೆ ಇದು ಗೊತ್ತಾಗೋದೇ ಇಲ್ಲ, ಸೀಸನ್ ಅಂಗಡಿಗೆ ಮಾತ್ರ ಹೊಡೆತ.

ಇನ್ನೊಂದು, ಆ್ಯಪಿನ ಗ್ರೀಟಿಂಗ್ ಬಂದ ಮೆಸೇಜನ್ನ ಓದಲ್ಲ. `hi` ಅಂದ್ರೂ ಅದೇ, `hi urgent` ಅಂದ್ರೂ ಅದೇ. ಹಾಗಾಗಿ ಅರ್ಜೆಂಟ್‌ನವ್ರಿಗೆ ಬೇರೆ ಗ್ರೀಟಿಂಗ್ ಹೋಗೋ ಹಂಗೆ ಮಾಡಿ ಅಂತ ನಿಮಗ್ಯಾರಾದ್ರೂ ಹೇಳಿದ್ರೆ ಆ್ಯಪಲ್ಲಿ ಅದಕ್ಕೆ ಜಾಗ ಇಲ್ಲ. ಇರೋ ಒಂದನ್ನೇ ಅರ್ಜೆಂಟ್‌ನವ್ರಿಗೆ ಹೊಂದೋ ಹಂಗೆ ಬರೀಬೇಕು, ಪುರುಸೊತ್ತು ಇರೋರಿಗೂ ಅದ್ರಿಂದ ಏನೂ ತೊಂದರೆ ಆಗಲ್ಲ. ನಾನು ಬರೆದ್ರೆ ಹೀಗೆ ಬರೀತೀನಿ:

"ಹೇಳಿ. ಊರು ಮತ್ತೆ ಪಂಪಿಗೆ ಎಂತ ಆಗಿದೆ ಅಂತ ಎರಡೇ ಮಾತಲ್ಲಿ ಹಾಕಿ, ವಾಯ್ಸ್ ಆದ್ರೂ ಸರಿ. ಕೆಲಸ ನಿಂತಿದ್ರೆ ಇದೇ ನಂಬರಿಗೆ ಈಗ್ಲೇ ಫೋನ್ ಮಾಡಿ."

ಇಲ್ಲಿ "ಇದೀವಿ" ಅನ್ನೋದನ್ನ ಬೇಕಂತಲೇ ಬಿಟ್ಟಿದೀನಿ ನೋಡಿ. ಆಟೋ ಮೆಸೇಜ್ ಹೋಗುವಾಗ ನೀವು ಕೊಟ್ಟಿಗೆಲಿ ಇರ್ಬಹುದು, ಇದೀವಿ ಅಂತ ಹೇಳಿ ಇಲ್ದೇ ಇದ್ರೆ ಅದು ಸುಮ್ನಿರೋದಕ್ಕಿಂತ ಕೆಟ್ಟದ್ದು. ಬೇಗ ಉತ್ತರ ಹೋದ್ರೆ ಸಾಕು ಅನ್ನೋದು ಅದಕ್ಕೇ ನನಗೆ ಅಷ್ಟು ಒಪ್ಪಿಗೆ ಇಲ್ಲ, ಎರಡು ಸೆಕೆಂಡಿಗೆ ಟಿಂಗ್ ಅಂದು ಇಪ್ಪತ್ತು ನಿಮಿಷ ಸದ್ದಿಲ್ಲ ಅಂದ್ರೆ ಆ ಇಪ್ಪತ್ತು ನಿಮಿಷ ಅವ್ನಿಗೆ ನಲವತ್ತಾಗಿ ಕಾಣುತ್ತೆ. ಇಲ್ಲಿ ಊರೂ ಕೇಳಿರೋದು ಯಾಕಂದ್ರೆ ನೀವು ನೋಡೋಷ್ಟರಲ್ಲಿ ಎರಡೂ ಬಂದು ಕೂತಿರ್ಲಿ ಅಂತ. "ನಿಮ್ಮ ತುರ್ತು ನಮಗೆ ಅರ್ಥವಾಗುತ್ತದೆ", "ದಯವಿಟ್ಟು ಗಾಬರಿಯಾಗಬೇಡಿ" ಅನ್ನೋ ಸಾಲು ಸೇರ್ಸೋ ಆಸೆ ಬರುತ್ತೆ, ಸೇರಿಸ್ಬೇಡಿ, ಅವ್ನು ಗಾಬರಿ ಆಗಿಲ್ಲ, ಅವ್ನಿಗೆ ಕೆಲಸ ಇದೆ ಅಷ್ಟೆ.

ಆ ಹದಿಮೂರು ಸಾಲನ್ನ ಎಸೀಬೇಡಿ, ಕ್ವಿಕ್ ರಿಪ್ಲೈಗೆ ಹಾಕಿಟ್ಕೊಳ್ಳಿ, ಆ್ಯಪಲ್ಲಿ 50ರ ತನಕ ಇಡ್ಬಹುದು. ಪಟ್ಟಿಗೆ `/rate`, ಟೈಮಿಂಗಿಗೆ `/time`, ಮೇಲೆ ಹೇಳಿದ ಎಂಜಿನ್-ಪ್ರೆಷರ್ ಪ್ರಶ್ನೆಗೆ `/u`, ಜಾಲರಿ ತೊಳಿಯೋ ಮಾತಿಗೆ `/p`. ಮೆಸೇಜ್ ಬರಿಯೋ ಜಾಗದಲ್ಲಿ ಆ ಗೆರೆ ಒತ್ತಿದ್ರೆ ಪಟ್ಟಿ ಬರುತ್ತೆ, ಆರಿಸಿ ಕಳ್ಸೋದು. ಇದ್ರಲ್ಲಿ ಒಂದು ಅಪಾಯ ಇದೆ, ನಾನೇ ಮಾಡಿದ ತಪ್ಪು. ಒಬ್ರು ಆಗ್ಲೇ "ಅರ್ಜೆಂಟ್, ಸ್ಟಾರ್ಟ್ ಆಗ್ತಿಲ್ಲ, ಕೋಣಂದೂರು" ಅಂತ ಪೂರ್ತಿ ಬರೆದಿದ್ರೂ ಅಭ್ಯಾಸಬಲದಲ್ಲಿ ರೆಡಿ ಇರೋ ಪ್ರಶ್ನೆ ಒತ್ತಿಬಿಡ್ತೀವಿ. ಟೈಮ್ ಇಲ್ದವ್ನಿಗೆ ಹೇಳಿದ್ದನ್ನೇ ಮತ್ತೆ ಹೇಳ್ಸೋದು ಅಂದ್ರೆ ಉದ್ದದ ನಮಸ್ಕಾರಕ್ಕಿಂತ ಜಾಸ್ತಿ ಸಿಟ್ಟು ಬರುತ್ತೆ. `/u` ಇರೋದು ಬರೀ `hi urgent` ಅಂತ ಬಂದವ್ರಿಗೆ ಮಾತ್ರ.

ಪೇಟೆಲಿ ಯಾರಾದ್ರೂ ಬಂದು ದುಡ್ಡು ಕೊಟ್ಟು ತಗೊಳ್ಳೋ ಸಿಸ್ಟಂ ಹಾಕ್ಸಿ, ಬಂದ ಪದ ನೋಡಿ ಅದೇ ಉತ್ತರ ಕಳ್ಸುತ್ತೆ ಅಂತ ಹೇಳ್ಬಹುದು. ಆಗುತ್ತೆ, ವಾಟ್ಸಾಪಿನ ಬಿಸಿನೆಸ್ ಪ್ಲಾಟ್‌ಫಾರ್ಮ್ ಮೇಲೆ ಅದನ್ನ ಕಟ್ಟಿಕೊಡ್ತಾರೆ, ಒತ್ತೋಕೆ ಮೂರು ಬಟನ್ ತನಕ ಕೊಡ್ಬಹುದು, ಸುಣ್ಣದ ಬೆರಳಿಗೆ ಅದು ನಿಜಕ್ಕೂ ಒಳ್ಳೇದೇ. ಆದ್ರೆ ಪದ ಹಿಡಿಯೋದು ಅಂದ್ಕೊಂಡಷ್ಟು ಸುಲಭ ಅಲ್ಲ. ನಮ್ಮ ಜನ ಬರಿಯೋದು ಹೀಗೆ:

```
urgent | urjent | arjent | argent | ಅರ್ಜೆಂಟ್ | ಅರ್ಜಂಟು | bega
```

ಇದನ್ನೆಲ್ಲ ಸೇರಿಸಿ ಕೂಡ್ಸಿದ ಮೇಲೆ ಯಾರೋ ಪಾಪದವ್ರು `urgent illa nidhana madi` ಅಂತ ಹಾಕ್ತಾರೆ, ಸಿಸ್ಟಂ ಅವ್ರನ್ನ ಅರ್ಜೆಂಟ್ ಸಾಲಿಗೆ ನಿಲ್ಸುತ್ತೆ. `bega` ಹುಡುಕು ಅಂದ್ರೆ `Begar` ಅಂತ ಊರ ಹೆಸ್ರು ಬರೆದ್ರೂ ಹಿಡ್ಕೊಳ್ಳುತ್ತೆ. ತಪ್ಪಾಗಿ ಅರ್ಜೆಂಟ್ ಅಂದ್ಕೊಂಡ್ರೆ ದೊಡ್ಡ ನಷ್ಟ ಇಲ್ಲ ಬಿಡಿ, ನಿಜವಾದ್ದನ್ನ ಬಿಟ್ಬಿಟ್ರೆ ಕಷ್ಟ, ಹಾಗಾಗಿ ಪಟ್ಟಿ ಉದ್ದ ಇರೋದೇ ವಾಸಿ. ನಿಮ್ಮದು ಗಂಡ-ಹೆಂಡ್ತಿ ಇಬ್ರ ಅಂಗಡಿ, ಸೀಸನ್ ಎರಡು ತಿಂಗ್ಳು, ಇದಕ್ಕೆ ನಾನು ದುಡ್ಡು ಹಾಕಿ ಅನ್ನಲ್ಲ. ಎರಡು ಮೂರು ಬ್ರಾಂಚ್ ಆದಾಗ ನೋಡೋಣ.

ಫೋನ್ ಮಾಡಿಬಿಡೋದು ವಾಸಿ ಅಲ್ವಾ ಅಂತ ಕೇಳ್ಬಹುದು. ಹೌದು, ಆದ್ರೆ ಮೊದ್ಲೇ ಮಾಡಿ ಅನ್ನಲ್ಲ, ಮೆಸೇಜ್ ಹಾಕಿದ ಮೇಲೆ ಮಾಡಿ ಅಂತೀನಿ. ಎಂಜಿನ್ ಸದ್ದಲ್ಲಿ ರಿಂಗ್ ಕೇಳಲ್ಲ, ನೆಟ್‌ವರ್ಕ್ ಒಂದು ಕಡ್ಡಿ ಇರೋ ಕಡೆ ಮಾತು ಕಡಿದು ಕಡಿದು ಬರುತ್ತೆ, ಮೆಸೇಜಾದ್ರೆ ಹೆಂಗೋ ನುಸುಳುತ್ತೆ. ಮೊದ್ಲು ಆ ಒಂದು ಸಾಲು ಹಾಕಿ, ಎರಡು ನಿಮಿಷ ಉತ್ತರ ಇಲ್ಲ ಅಂದ್ರೆ ನೀವೇ ಫೋನ್ ಮಾಡಿ. ಫೋಟೋ, ವಿಡಿಯೋ ಕಳ್ಸಿ ಅಂತ ಮಾತ್ರ ಮೊದ್ಲೇ ಕೇಳ್ಬೇಡಿ, ತೋಟದ ತಗ್ಗಲ್ಲಿ ನಿಂತವ್ನು ವಿಡಿಯೋ ಹೋಗ್ಲಿ ಅಂತ ಫೋನ್ ಎತ್ತಿ ಹಿಡ್ಕೊಂಡು ದಿಬ್ಬ ಹತ್ತೋದನ್ನ ನಾನು ನೋಡಿದೀನಿ.

ಕೊನೇದಾಗಿ ನಮ್ಮ ಮಲೆನಾಡಿಗೇ ಇರೋ ಒಂದು ಪಂಚಾಯ್ತಿ. ಆಟೋ ಮೆಸೇಜ್ ಹೋಗೋಕೆ ನಿಮ್ಮ ಫೋನಿಗೆ ಇಂಟರ್ನೆಟ್ ಇರ್ಬೇಕು. ಕರೆಂಟ್ ಹೋಗಿ ಟವರ್ ಮಲಗಿದ ದಿನ ಗ್ರೀಟಿಂಗೂ ಇಲ್ಲ ಎಂತದೂ ಇಲ್ಲ, ಮಧ್ಯಾಹ್ನ ಎರಡಕ್ಕೆ ನೆಟ್ ಬಂದಾಗ ಬೆಳಿಗ್ಗೆ ಎಂಟರ `hi urgent` ಬಂದು ಬೀಳುತ್ತೆ. ಅವಾಗ `/u` ಒತ್ತಬೇಡಿ, ಆರು ಗಂಟೆ ಹಳೇ ಅರ್ಜೆಂಟಿಗೆ "ಹೇಳಿ, ಇದೀವಿ" ಅಂದ್ರೆ ಅವ್ನಿಗೆ ನಗುನೂ ಬರುತ್ತೆ ಸಿಟ್ಟೂ ಬರುತ್ತೆ. "ಬೆಳಿಗ್ಗೆಯಿಂದ ನೆಟ್‌ವರ್ಕ್ ಇರ್ಲಿಲ್ಲ, ಈಗ ನೋಡಿದ್ವಿ. ಪಂಪ್ ಸರಿ ಆಯ್ತಾ, ಇನ್ನೂ ನಿಂತೇ ಇದ್ಯಾ?" ಅಂತ ಹಾಕಿ. ನಿಂತೇ ಇದೆ ಅಂದ್ರೆ ಎಂಜಿನ್ನಾ ಪ್ರೆಷರ್ರಾ ಕೇಳಿ, ಸರಿ ಆಯ್ತು ಅಂದ್ರೆ ಜಾಲರಿ ತೊಳೆದಿಡೋಕೆ ಹೇಳಿ, ಮುಂದಿನ ಸಲ ಅವ್ರು ಕಲಸೋ ಮೊದ್ಲು ಸುಣ್ಣ ಬಟ್ಟೆಲಿ ಸೋಸ್ಲಿ.